ಮುಂಗಾರು ‘ಕೈ ಕೊಟ್ಟಾಗ’ ಇಂಗ್ಲಿಷಿನಲ್ಲಿ ಏನಾಗುತ್ತದೆ?

ಬರದ ವರ್ಷದ ಬಗ್ಗೆ ರೈತ ಮಹಿಳೆಯೊಬ್ಬರು ಆಡಿದ ಮಾತನ್ನು ಯಂತ್ರಾನುವಾದದಿಂದ ಇಂಗ್ಲಿಷಿಗೆ ತಂದು ವರದಿಯೊಂದಕ್ಕೆ ಸೇರಿಸಬೇಕಿದೆ ಎಂದಿಟ್ಟುಕೊಳ್ಳಿ. ಅವರು ಹೇಳಿದ್ದಿಷ್ಟು: “ಈ ಸಲ ಮುಂಗಾರು ಕೈ ಕೊಟ್ಟಿತು. ಸಾಲ ಕೇಳೋಕೆ ಹೋದರೆ ಸೊಸೈಟಿಯವರು ನೀರು ಕುಡಿಸಿಬಿಟ್ಟರು. ಬೀಜ ಕೊಡಿಸ್ತೀನಿ ಅಂದ ದಲ್ಲಾಳಿ ಮೂರು ನಾಮ ಹಾಕಿದ. ಪರಿಹಾರ ಬಂದದ್ದು ಹೊಲ ಒಣಗಿದ ಮೇಲೆ. ಊಟಕ್ಕಿಲ್ಲದ ಉಪ್ಪಿನಕಾಯಿ ಯಾಕೆ ಬೇಕು?”

ಇದನ್ನು ಪದಕ್ಕೆ ಪದವಾಗಿ ತಿರುಗಿಸಿದರೆ ಸಿಗುವ ಇಂಗ್ಲಿಷಿನಲ್ಲಿ ಮುಂಗಾರು ಕೈಜೋಡಿಸಿ ನೆರವಾಗುತ್ತದೆ. ಸೊಸೈಟಿಯವರು ಕುಡಿಯಲು ನೀರು ಕೊಟ್ಟು ಉಪಚರಿಸುತ್ತಾರೆ. ದಲ್ಲಾಳಿ ಮೂವರ ಹೆಸರು ಬರೆದುಕೊಳ್ಳುತ್ತಾನೆ. ಕೊನೆಗೆ ಎಲ್ಲಿಂದಲೋ ಉಪ್ಪಿನಕಾಯಿ ಬರುತ್ತದೆ.

ಓದುವವರು ನಗುವುದು ಉಪ್ಪಿನಕಾಯಿಗೆ. ಆದರೆ ಇಲ್ಲಿ ಅತಿ ಕಡಿಮೆ ಅಪಾಯದ ತಪ್ಪು ಅದೇ. ಅಸಂಬದ್ಧವೆಂದು ಯಾರಿಗಾದರೂ ತಿಳಿಯುತ್ತದೆ, ಯಾರಾದರೂ ಮೂಲ ತೆಗೆದು ನೋಡುತ್ತಾರೆ. ಉಳಿದ ಮೂರು ವಾಕ್ಯಗಳು ಮಾತ್ರ ನುಣುಪಾಗಿ, ವ್ಯಾಕರಣಬದ್ಧವಾಗಿ, ಅರ್ಥ ತಲೆಕೆಳಗಾಗಿ ದಾಟಿಹೋಗುತ್ತವೆ. ಮಳೆ ನೆರವಾಯಿತು ಎಂದು ಓದಿದವರು ಪರಿಹಾರ ಯಾಕೆ ಬೇಕಿತ್ತು ಎಂದು ಕೇಳಿದರೆ ತಪ್ಪು ಅವರದಲ್ಲ.

ಯಂತ್ರ ಕಲಿಯುವುದು ಎರಡೂ ಭಾಷೆಗಳಲ್ಲಿ ಸಾಲು ಸಾಲಾಗಿ ಹೊಂದುವ ಪಠ್ಯಗಳಿಂದ. ಅಂಥ ಪಠ್ಯ ಹೆಚ್ಚಾಗಿ ಸಿಗುವುದು ಸುದ್ದಿ, ಸರ್ಕಾರಿ ಪ್ರಕಟಣೆಗಳಂಥ ಬರಹದ ಭಾಷೆಯಲ್ಲಿ. ಹೊಲದ ಬದುವಿನ ಮಾತು ಅಲ್ಲಿ ವಿರಳ. ಬಳಕೆಯ ನುಡಿಗಟ್ಟನ್ನು ಒಮ್ಮೊಮ್ಮೆ ಯಂತ್ರ ಸರಿಯಾಗಿಯೇ ಹಿಡಿಯುತ್ತದೆ. ಆದರೆ ಮೊದಲ ಪುಟದಲ್ಲಿ ಸರಿಯಾಗಿದ್ದದ್ದು ಐದನೇ ಪುಟದಲ್ಲಿ, ಅಕ್ಕಪಕ್ಕದ ಪದ ಬದಲಾದೊಡನೆ, ಕೆಡಬಹುದು. ಹಾಗಾಗಿ ಒಂದು ಕಡೆ ನೋಡಿ ನಂಬಿ ಬಿಡುವಂತಿಲ್ಲ.

ಪರೀಕ್ಷಿಸಲು ಹಲವರು ಹಿಡಿಯುವ ಸುಲಭದ ದಾರಿಯೆಂದರೆ ಇಂಗ್ಲಿಷನ್ನು ಅದೇ ಯಂತ್ರಕ್ಕೆ ಕೊಟ್ಟು ಮತ್ತೆ ಕನ್ನಡಕ್ಕೆ ತಿರುಗಿಸಿ ನೋಡುವುದು. ನುಡಿಗಟ್ಟಿನ ಮಟ್ಟಿಗೆ ಇದು ಶುದ್ಧ ಮೋಸ. ‘ಕೈ ಕೊಟ್ಟಿತು’ ಎಂಬುದು ‘ಗೇವ್ ಎ ಹ್ಯಾಂಡ್’ ಆಗಿದ್ದರೆ, ವಾಪಸು ಬರುವಾಗ ಮತ್ತೆ ‘ಕೈ ಕೊಟ್ಟಿತು’ ಎಂದೇ ಬರಬಹುದು. ಕನ್ನಡ ಕನ್ನಡಕ್ಕೆ ಕೂಡಿತು, ಎಲ್ಲ ಸರಿಯಿದೆ ಎಂದು ನಾವು ಸಹಿ ಹಾಕುತ್ತೇವೆ. ಅಕ್ಷರಾರ್ಥ ಎಷ್ಟು ನಿಷ್ಠೆಯಿಂದ ಹೋಗಿದೆಯೋ ಅಷ್ಟೇ ನಿಷ್ಠೆಯಿಂದ ಮರಳುತ್ತದೆ.

ಇದಕ್ಕಿಂತ ಎರಡು ಓದು ಮೇಲು. ಮೊದಲು ಕನ್ನಡವನ್ನು ಮುಚ್ಚಿಟ್ಟು ಇಂಗ್ಲಿಷನ್ನಷ್ಟೇ ಓದಿ. ವಿಷಯಕ್ಕೆ ಸಂಬಂಧವಿಲ್ಲದ ತಿಂಡಿ, ಪ್ರಾಣಿ, ಪಾತ್ರೆ ಎದುರಾದಲ್ಲಿ ಗುರುತು ಹಾಕಿ. ಮಾತಿನ ಧಾಟಿ ತಟ್ಟನೆ ತಿರುಗಿದ ಕಡೆಯೂ ಗುರುತಿರಲಿ: ದೂರು ಹೇಳುತ್ತಿದ್ದವರು ನಡುವೆ ಯಾಕೆ ಹೊಗಳಿದರು? ಆಮೇಲೆ ಇಂಗ್ಲಿಷ್ ಮುಚ್ಚಿಟ್ಟು ಕನ್ನಡವನ್ನು ಓದಿ. ಕೈ, ತಲೆ, ಹೊಟ್ಟೆ, ಮೂಗು, ಕಿವಿಗಳ ಪಕ್ಕದಲ್ಲಿ ಕೊಡು, ಬಿಡು, ಹಾಕು, ತಿನ್ನು, ಹಿಡಿ ಇದ್ದರೆ ನಿಲ್ಲಿ. ‘ಅಂತೆ’, ‘ಹಾಗೆ’ ಎಂದು ಮುಗಿಯುವ ಹೋಲಿಕೆ, ಪ್ರಾಸದ ಸಾಲು ಕಂಡರೂ ನಿಲ್ಲಿ. ನುಣುಪಾದ ತಪ್ಪುಗಳಲ್ಲಿ ಹೆಚ್ಚಿನವು ಸಿಗುವುದು ಈ ಎರಡನೇ ಓದಿನಲ್ಲೇ.

ಸಿಕ್ಕಿದ್ದೆಲ್ಲ ನುಡಿಗಟ್ಟೇ ಆಗಬೇಕಿಲ್ಲ. ಬಿದ್ದವನಿಗೆ ಕೈ ಕೊಟ್ಟು ಎಬ್ಬಿಸಿದರು ಎಂದರೆ ಅದು ನಿಜವಾದ ಕೈಯೇ. ಹೊಟ್ಟೆ ಉರಿ ಎಂದು ವೈದ್ಯರ ಬಳಿ ಹೇಳಿದರೆ ಕಾಯಿಲೆ, ಪಕ್ಕದ ಮನೆಯವರ ಬಗ್ಗೆ ಹೇಳಿದರೆ ಅಸೂಯೆ.

ತಿದ್ದುವಾಗ ಇಂಗ್ಲಿಷಿನದೇ ನುಡಿಗಟ್ಟು ಹುಡುಕುವ ಚಪಲ ಬರುತ್ತದೆ. ಊಟಕ್ಕಿಲ್ಲದ ಉಪ್ಪಿನಕಾಯಿಗೆ ‘ಟೂ ಲಿಟಲ್, ಟೂ ಲೇಟ್’ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಪರಿಹಾರದ ಮೊತ್ತ ಕಡಿಮೆಯಾಯಿತು ಎಂದು ಆಕೆ ಹೇಳಿಯೇ ಇಲ್ಲ. ಹೊತ್ತಿಗೆ ಒದಗಲಿಲ್ಲ ಎಂದಷ್ಟೇ ಹೇಳಿದ್ದು. ಅದೇ ವರದಿ ನಾಳೆ ಇಂಗ್ಲಿಷಿನಿಂದ ಇನ್ನೊಂದು ಭಾಷೆಗೆ ಯಂತ್ರದಲ್ಲೇ ಹೋದರೆ ಹೊಸ ನುಡಿಗಟ್ಟು ಹೊಸ ಗೊಂದಲ ತರುತ್ತದೆ. ಆದ್ದರಿಂದ ಮಳೆ ವಿಫಲವಾಯಿತು, ಸೊಸೈಟಿಯವರು ಸತಾಯಿಸಿದರು, ದಲ್ಲಾಳಿ ಮೋಸ ಮಾಡಿದ ಎಂಬ ಸಾದಾ ಇಂಗ್ಲಿಷೇ ವಾಸಿ. ಆಡಿದ ಮಾತೇ ಸಾಕ್ಷ್ಯವಾಗುವ ಹೇಳಿಕೆಗಳಲ್ಲಿ ಮಾತ್ರ ಅಕ್ಷರಾರ್ಥವನ್ನು ಉಳಿಸಿಕೊಂಡು, ಪಕ್ಕದಲ್ಲೇ ತಾತ್ಪರ್ಯ ಕೊಡಬೇಕು.

ಹಳೆಯ ಗಾದೆಗಳಿಗೆ ಕಿಟೆಲ್ ಅವರ 1894ರ ಕನ್ನಡ–ಇಂಗ್ಲಿಷ್ ನಿಘಂಟು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಪದಗಳ ಜೊತೆಗೆ ಗಾದೆಗಳನ್ನೂ ಅದರಲ್ಲಿ ಕೊಟ್ಟಿದ್ದಾರೆ. ನಿಘಂಟಿನಲ್ಲಿ ಸಿಗದ ಊರ ಮಾತಿಗೆ ಊರವರೇ ಗತಿ. ಹೇಳಿದವರು ಫೋನಿಗೆ ಸಿಗುವಂತಿದ್ದರೆ, ವರದಿ ಕಳಿಸುವ ಮೊದಲು ಅವರನ್ನೇ ಕೇಳಿ.