ಕೊರಳಿನ ಸುತ್ತಳತೆ
(ಬಾನುಲಿ ಭಾಷಣ)

ಸ್ಥೂಲಕಾಯವೆಂದೊಡನೆ ನಮ್ಮ ಕಣ್ಣು ಹೊಟ್ಟೆಯ ಮೇಲೆ ಹೋಗುತ್ತದೆ. ಮನಸ್ಸು ತಕ್ಕಡಿಯನ್ನು ನೆನೆಯುತ್ತದೆ. ಆದರೆ ತಕ್ಕಡಿ ಹೇಳುವುದು ಒಟ್ಟು ಭಾರವನ್ನು ಮಾತ್ರ. ಆ ಭಾರದಲ್ಲಿ ಕೊಬ್ಬೆಷ್ಟು, ಆ ಕೊಬ್ಬು ಮೈಯ ಯಾವ ಭಾಗದಲ್ಲಿ ನೆಲೆಸಿದೆ ಎಂಬುದನ್ನು ಅದು ತಿಳಿಸಲಾರದು. ಕೊಬ್ಬು ಎಲ್ಲಿದೆ ಎಂಬ ಪ್ರಶ್ನೆಯೇ ಮುಖ್ಯವೆಂದು ಮೊದಲಿಗೆ ಒತ್ತಿ ಹೇಳಿದವರಲ್ಲಿ ಫ್ರಾನ್ಸಿನ ಮಾರ್ಸೆಲ್ಸ್ ನಗರದ ವೈದ್ಯ ಜಾನ್ ವಾಗ್ ಒಬ್ಬರು. ಸೊಂಟ, ತೊಡೆಗಳಲ್ಲಿ ಕೊಬ್ಬು ತುಂಬಿದವರಿಗಿಂತ ಕೊರಳು, ಹೆಗಲು, ಎದೆ, ಹೊಟ್ಟೆಗಳಲ್ಲಿ ಕೊಬ್ಬು ತುಂಬಿದವರನ್ನೇ ಸಿಹಿಮೂತ್ರರೋಗವೂ ರಕ್ತನಾಳಗಳ ರೋಗವೂ ಹೆಚ್ಚಾಗಿ ಕಾಡುತ್ತವೆಂದು ಅವರು 1947ರಿಂದ ಮೊದಲುಗೊಂಡು ತಮ್ಮ ಬರಹಗಳಲ್ಲಿ ತೋರಿಸುತ್ತ ಬಂದರು. ಮೊದಲನೆಯ ಬಗೆಯ ಮೈಕಟ್ಟು ಹೆಂಗಸರಲ್ಲಿ ಹೆಚ್ಚು. ಎರಡನೆಯದು ಗಂಡಸರಲ್ಲಿ ಹೆಚ್ಚು. ಆದರೂ ಎರಡನೆಯ ಬಗೆ ಹೆಂಗಸರಲ್ಲಿ ಅಪರೂಪವೇನೂ ಅಲ್ಲ.

ಮೇಲ್ಮೈಯ ಕೊಬ್ಬು ಏಕೆ ಹೆಚ್ಚು ಅಪಾಯಕರ? ಕೊಬ್ಬು ಮೈಯಲ್ಲಿ ಸುಮ್ಮನೆ ಕುಳಿತಿರುವ ವಸ್ತುವಲ್ಲ. ಅದು ಕರಗಿ, ಮೇದೋ ಆಮ್ಲಗಳಾಗಿ ರಕ್ತಕ್ಕೆ ಸೇರುತ್ತಿರುತ್ತದೆ. ತೊಡೆಯ ಕೊಬ್ಬು ತನ್ನ ಗಂಟನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವ ಜಾತಿಯದು. ಮೇಲ್ಮೈಯ ಕೊಬ್ಬು ಹಾಗಲ್ಲ. ಅದು ಬಹುಬೇಗ ಕೈಬಿಚ್ಚುತ್ತದೆ. ರಕ್ತದಲ್ಲಿ ಈ ಆಮ್ಲಗಳು ಮಿತಿಮೀರಿದರೆ ಇನ್ಸುಲಿನ್ ತನ್ನ ಕೆಲಸವನ್ನು ಸರಿಯಾಗಿ ಮಾಡಲಾರದು. ಯಕೃತ್ತಿನಲ್ಲಿ ಕೊಬ್ಬು ಸೇರುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಇನ್ನು ಕೊರಳಿನದೇ ಆದ ಒಂದು ತೊಂದರೆಯೂ ಉಂಟು. ಅಲ್ಲಿ ಕೊಬ್ಬು ಬೆಳೆದಾಗ ಶ್ವಾಸಮಾರ್ಗ ಇಕ್ಕಟ್ಟಾಗುತ್ತದೆ. ಮಲಗಿದವನು ಗಟ್ಟಿಯಾಗಿ ಗೊರಕೆ ಹೊಡೆಯುತ್ತ, ನಡುನಡುವೆ ಉಸಿರು ಕಟ್ಟಿ, ಬೆಚ್ಚಿ ಎಚ್ಚರಗೊಳ್ಳುತ್ತಾನೆ.

ಹಾಗಾದರೆ ಕೊರಳನ್ನೇ ಅಳೆದು ನೋಡಬಹುದಲ್ಲವೆ? ಇಸ್ರೇಲಿನಲ್ಲಿ ಬೆನ್-ನೂನ್ ಎಂಬ ವೈದ್ಯರೂ ಅವರ ಸಹೋದ್ಯೋಗಿಗಳೂ ಈ ಕೆಲಸವನ್ನು ಮಾಡಿ 2001ರಲ್ಲಿ ಪ್ರಕಟಿಸಿದರು. ಅವರು 979 ಮಂದಿಯ ಕೊರಳಿನ ಸುತ್ತಳತೆಯನ್ನು ತೆಗೆದುಕೊಂಡು, ಅದನ್ನು ಅವರವರ ದೇಹರಾಶಿ ಸೂಚ್ಯಂಕದೊಡನೆ ಹೋಲಿಸಿದರು. ಕಿಲೋಗ್ರಾಮಿನಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಈ ಸೂಚ್ಯಂಕ. ಅದು 25 ಆದರೆ ತೂಕ ಹೆಚ್ಚೆಂದು ಅವರು ಹಿಡಿದರು. ಅವರಿಗೆ ದೊರೆತ ಗಡಿರೇಖೆಗಳು ಇವು: ಗಂಡಸಿಗೆ 37 ಸೆಂಟಿಮೀಟರ್, ಹೆಂಗಸಿಗೆ 34 ಸೆಂಟಿಮೀಟರ್. ಕೊರಳು ಇದಕ್ಕಿಂತ ಸಣ್ಣದಾಗಿದ್ದವರಲ್ಲಿ ಹೆಚ್ಚಿನವರಿಗೆ ಮುಂದಿನ ಪರೀಕ್ಷೆಯ ಅಗತ್ಯ ಕಾಣಲಿಲ್ಲ. ಗಡಿಯನ್ನು ಮುಟ್ಟಿದವರನ್ನೂ ದಾಟಿದವರನ್ನೂ ತೂಗಿ ನೋಡಬೇಕು. ಇಲ್ಲಿ ಒಂದು ಮಾತನ್ನು ಮರೆಯಬಾರದು. ಇದು ರೋಗನಿರ್ಣಯವಲ್ಲ, ಜರಡಿ ಹಿಡಿಯುವ ಕೆಲಸ. ಜರಡಿಯ ಮೇಲೆ ಉಳಿದುದೆಲ್ಲವೂ ಕಲ್ಲಲ್ಲ.

ಗಂಡಿಗೂ ಹೆಣ್ಣಿಗೂ ಬೇರೆ ಬೇರೆ ಗಡಿ ಏಕೆಂದು ಕೇಳಬಹುದು. ಪ್ರಾಯಕ್ಕೆ ಬಂದ ಹುಡುಗನ ಧ್ವನಿಪೆಟ್ಟಿಗೆ ಬೆಳೆದು ಮುಂದಕ್ಕೆ ಚಾಚುತ್ತದೆ. ಕತ್ತಿನ ಸ್ನಾಯುಗಳು ದಪ್ಪವಾಗುತ್ತವೆ. ಕೊಬ್ಬಿನ ಲವಲೇಶವಿಲ್ಲದಿದ್ದರೂ ಅವನ ಕೊರಳು ಹೆಂಗಸಿನ ಕೊರಳಿಗಿಂತ ದಪ್ಪ. ಆದುದರಿಂದ ಒಂದೇ ಅಳತೆ ಇಬ್ಬರಲ್ಲಿ ಎರಡು ಅರ್ಥವನ್ನು ಕೊಡುತ್ತದೆ. ಇದನ್ನೊಂದು ಉದಾಹರಣೆಯಿಂದ ನೋಡೋಣ. ಗ್ರಾಮವೊಂದರ ಆರೋಗ್ಯ ಶಿಬಿರಕ್ಕೆ ಗಂಡ ಹೆಂಡಿರು ಬಂದಿದ್ದಾರೆಂದು ಭಾವಿಸಿಕೊಳ್ಳಿ. ಇಬ್ಬರ ಕೊರಳೂ ಸರಿಯಾಗಿ 36 ಸೆಂಟಿಮೀಟರ್. ಗಂಡನ ಎತ್ತರ 168 ಸೆಂಟಿಮೀಟರ್, ತೂಕ 64 ಕಿಲೋ. ಸೂಚ್ಯಂಕ ಸುಮಾರು 22.7. ಹೆಂಡತಿಯ ಎತ್ತರ 150 ಸೆಂಟಿಮೀಟರ್, ತೂಕ 62 ಕಿಲೋ. ಸೂಚ್ಯಂಕ ಸುಮಾರು 27.6. ಎಲ್ಲರಿಗೂ 37 ಎಂಬ ಒಂದೇ ಗಡಿಯನ್ನಿಟ್ಟಿದ್ದರೆ ಇಬ್ಬರಿಗೂ ತೊಂದರೆಯಿಲ್ಲವೆಂದು ಹೇಳಿ ಮನೆಗೆ ಕಳುಹಿಸುತ್ತಿದ್ದರು. ಪರೀಕ್ಷೆ ಬೇಕಾಗಿದ್ದ ಆ ಹೆಂಗಸು ಕೈತಪ್ಪಿ ಹೋಗುತ್ತಿದ್ದಳು. ಎಲ್ಲರಿಗೂ 34 ಎಂದಿಟ್ಟಿದ್ದರೆ ಆ ಗಂಡಸಿಗೆ ವೃಥಾ ಚಿಂತೆ. ಎರಡು ಗಡಿಗಳಿರುವುದರಿಂದ ಅವನು ನಿಶ್ಚಿಂತೆಯಿಂದ ಹೋಗುತ್ತಾನೆ. ಅವಳ ರಕ್ತದೊತ್ತಡವನ್ನೂ ಸಕ್ಕರೆಯನ್ನೂ ನೋಡುತ್ತಾರೆ.

ಅಳೆಯುವ ಕ್ರಮ ಸುಲಭ. ಆದರೆ ಸುಲಭವಾದುದರಲ್ಲಿಯೇ ತಪ್ಪು ಹೆಚ್ಚು. ಅಳೆಸಿಕೊಳ್ಳುವವರು ನೆಟ್ಟಗೆ ನಿಂತು ಎದುರಿಗೆ ನೋಡಬೇಕು. ಹೆಗಲುಗಳು ಸಡಿಲವಾಗಿ ಇಳಿದಿರಬೇಕು. ಹೆಗಲು ಮೇಲೆತ್ತಿದರೆ ಅದರ ಸ್ನಾಯುವೂ ಟೇಪಿನೊಳಕ್ಕೆ ಸೇರಿಬಿಡುತ್ತದೆ. ಟೇಪು ಕೊರಳಿನ ನಡುಭಾಗವನ್ನು ಸುತ್ತಬೇಕು. ಗಂಡಸರಲ್ಲಿ ಗಂಟಲ ಮುಂದೆ ಉಬ್ಬಿ ಕಾಣುವ ಗಂಟಿನ ಮೇಲಲ್ಲ, ಅದರ ಕೆಳಗಡೆಯೇ ಹಾಯಬೇಕು. ಹಿಂದೆ ಇಳಿದು ಮುಂದೆ ಏರಿದ ಓರೆ ಟೇಪು ಇಲ್ಲದ ದಪ್ಪವನ್ನು ತೋರಿಸುತ್ತದೆ. ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಸರವನ್ನೂ ತಾಳಿಯನ್ನೂ ಬದಿಗೆ ಸರಿಸಿದರೆ ಸಾಕು. ಎರಡು ಸಲ ಅಳೆದು, ವ್ಯತ್ಯಾಸ ಅರ್ಧ ಸೆಂಟಿಮೀಟರಿಗಿಂತ ಹೆಚ್ಚಾದರೆ ಮತ್ತೊಮ್ಮೆ ಅಳೆಯುವುದು ಲೇಸು. ಹಳೆಯ ಬಟ್ಟೆಯ ಟೇಪು ಹಿಗ್ಗಿರುತ್ತದೆ. ಹಿಗ್ಗಿದ ಟೇಪು ಕೊರಳನ್ನು ಸಣ್ಣದೆಂದು ತೋರಿಸುತ್ತದೆ. ಆದುದರಿಂದ ಅದನ್ನು ಉಕ್ಕಿನ ಅಳತೆಪಟ್ಟಿಯೊಡನೆ ಹೋಲಿಸಿ ನೋಡಿಕೊಳ್ಳಬೇಕು. ಇನ್ನೊಂದು ಮಾತು: ಅಂಗಿಯ ಕಾಲರಿನ ಸಂಖ್ಯೆಯನ್ನೇ ಕೊರಳಿನ ಅಳತೆಯೆಂದು ತಿಳಿಯಬೇಡಿ. ಉಸಿರಾಡಲು ಎಡೆಯಿರಲೆಂದು ದರ್ಜಿ ಟೇಪಿನೊಳಗೆ ಬೆರಳಿಟ್ಟು ಅಳೆದಿರುತ್ತಾನೆ.

ಇಷ್ಟಾದರೂ ಸೊಂಟದ ಅಳತೆ ಇರುವಾಗ ಇದೇಕೆ ಬೇಕು? ಸೊಂಟ ಅಳೆಯಲು ಬಟ್ಟೆ ಸರಿಸಬೇಕು; ಊಟದ ಮೊದಲು ಒಂದು ಅಳತೆ, ಊಟದ ಮೇಲೆ ಒಂದು. ಬಸುರಿಯರಲ್ಲಿ ಅದು ಅರ್ಥವನ್ನೇ ಕಳೆದುಕೊಳ್ಳುತ್ತದೆ. ನೂರಾರು ಜನ ಸಾಲುಗಟ್ಟಿ ನಿಂತ ಕಡೆ, ಮರೆಯಿಲ್ಲದ ಶಾಲಾ ಜಗುಲಿಯಲ್ಲಿ, ಸೀರೆಯುಟ್ಟ ಹೆಂಗಸು ಸಂಕೋಚವಿಲ್ಲದೆ ಒಡ್ಡಬಲ್ಲದ್ದು ಕೊರಳನ್ನು ಮಾತ್ರ. ಅಲ್ಲದೆ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಅಧ್ಯಯನದಿಂದ 2010ರಲ್ಲಿ ಬಂದ ವರದಿಯ ಪ್ರಕಾರ, ಹೊಟ್ಟೆಯೊಳಗಿನ ಕೊಬ್ಬನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಕೊರಳಿನ ದಪ್ಪಕ್ಕೂ ರಕ್ತದ ಸಕ್ಕರೆ, ಕೊಬ್ಬುಗಳ ಏರಿಕೆಗೂ ನಂಟು ಉಳಿಯುತ್ತದೆ.

ಆದರೆ ಈ ಅಳತೆ ಎಲ್ಲಿ ಮೋಸಮಾಡುತ್ತದೆಂಬುದೂ ತಿಳಿದಿರಬೇಕು. ಗಳಗಂಡವಿರುವವರ ಕೊರಳು ಬೇರೆ ಕಾರಣಕ್ಕೆ ದಪ್ಪ. ಅವರನ್ನು ಈ ಲೆಕ್ಕದಿಂದ ಹೊರಗಿಡಬೇಕು. ಗರಡಿಯಲ್ಲಿ ಪಳಗಿದ ಪೈಲ್ವಾನನ ಕೊರಳಿನಲ್ಲಿರುವುದು ಸ್ನಾಯು. ಇದಕ್ಕಿಂತ ಹೆಚ್ಚು ಎಚ್ಚರಿಕೆ ಬೇಕಾದುದು ಇನ್ನೊಂದು ಕಡೆ. 37 ಮತ್ತು 34 ಎಂಬ ಸಂಖ್ಯೆಗಳು ಹುಟ್ಟಿದ್ದು ಇಸ್ರೇಲಿನ ಜನರಿಂದ, ಅದೂ 25 ಎಂಬ ಸೂಚ್ಯಂಕದ ಆಧಾರದಿಂದ. ಚೀನಾದ ಬೀಜಿಂಗ್‌ನಲ್ಲಿ ಅಳೆದವರಿಗೆ 38 ಮತ್ತು 35 ದೊರೆತವು. ಭಾರತೀಯರಲ್ಲಿಯಾದರೋ ಸೂಚ್ಯಂಕ 23 ಆದಾಗಲೇ ಎಚ್ಚರಗೊಳ್ಳಬೇಕೆಂದು ನಮ್ಮ ತಜ್ಞರು 2009ರಲ್ಲಿ ಪ್ರಕಟವಾದ ಮಾರ್ಗಸೂಚಿಯಲ್ಲಿ ಹೇಳಿದ್ದಾರೆ. ಕೈಕಾಲು ಸಣ್ಣ, ಕೊರಳು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ಮೈಕಟ್ಟು ನಮ್ಮಲ್ಲಿ ಸಾಮಾನ್ಯ. ಅಂಥವನ ಕೊರಳು 35 ಎಂದು ಬರೆದುಕೊಂಡು ಅವನನ್ನು ಬಿಟ್ಟುಬಿಟ್ಟರೆ, ಸಿಹಿಮೂತ್ರರೋಗದ ಬಾಗಿಲಲ್ಲಿ ನಿಂತವನನ್ನೇ ಬಿಟ್ಟಂತಾಯಿತು.

ಆದುದರಿಂದ ಗಡಿಯನ್ನು ದಾಟಿದ ಕೊರಳು ತೂಕ, ರಕ್ತದೊತ್ತಡ, ಸಕ್ಕರೆಗಳನ್ನು ನೋಡಿರೆಂದು ಹೇಳುತ್ತದೆ. ಆ ಮಾತನ್ನು ಕೇಳಬೇಕು. ಗಡಿಯೊಳಗಿನ ಕೊರಳು ಆರೋಗ್ಯದ ಪ್ರಮಾಣಪತ್ರವನ್ನು ಕೊಡುವುದಿಲ್ಲ. ಕಣ್ಣಿಗೆ ಹೊಟ್ಟೆ ಕಂಡರೆ ಅದೇ ಟೇಪನ್ನು ಸೊಂಟಕ್ಕೂ ಹಿಡಿಯಬೇಕು. ಅಲ್ಲಿಯೂ ಗಡಿಗಳು ಎರಡು: ನಮ್ಮ ದೇಶದ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80.