ಟೈಟ್ ಮಾಡುವ ಮುನ್ನ ಬಾಣ ನೋಡಿ

ಗ್ಯಾರೇಜಿಗೆ ಬರುವ ಸ್ಕೂಟರ್ ಸವಾರರು ಬ್ರೇಕಿನ ಬಗ್ಗೆ ಹೇಳುವ ಮಾತು ಹೆಚ್ಚಾಗಿ ಒಂದೇ: "ಬ್ರೇಕ್ ಲೂಸ್ ಆಗಿದೆ, ಸ್ವಲ್ಪ ಟೈಟ್ ಮಾಡಿಕೊಡಿ." ಮೆಕ್ಯಾನಿಕ್ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಸ್ಪ್ಯಾನರ್ ಹಾಕಿ ನಟ್ಟನ್ನು ಒಂದೆರಡು ಸುತ್ತು ತಿರುಗಿಸುತ್ತಾರೆ. ಅರ್ಧ ನಿಮಿಷದ ಕೆಲಸ. ಎಷ್ಟೋ ಕಡೆ ಅದಕ್ಕೆ ದುಡ್ಡನ್ನೂ ಕೇಳುವುದಿಲ್ಲ. ಆದರೆ ಆ ಅರ್ಧ ನಿಮಿಷದಲ್ಲಿ ಸವಾರರ ಕೈಗೆ ಸಿಕ್ಕಿದ್ದ ಸುಳಿವೊಂದು ಅಳಿಸಿಹೋಗುತ್ತದೆ. ಡ್ರಮ್ ಬ್ರೇಕಿನಲ್ಲಿ ಲಿವರ್ ಲೂಸ್ ಆಗುವುದೇ ಸವೆತದ ಮೊದಲ ಗುರುತು. ಟೈಟ್ ಮಾಡಿದರೆ ಗುರುತು ಹೋಗುತ್ತದೆ, ಸವೆತ ಅಲ್ಲೇ ಇರುತ್ತದೆ.

ಟೈಟ್ ಮಾಡುವ ಮುಂಚೆ ಐದು ನಿಮಿಷ ಸಿಕ್ಕರೆ ಮೆಕ್ಯಾನಿಕ್ ಸವಾರರಿಗೆ ಏನು ತೋರಿಸಬಹುದು, ಯಾವ ಮಾತಿನಲ್ಲಿ ಹೇಳಬಹುದು ಎಂಬುದನ್ನು ಇಲ್ಲಿ ಸಂಭಾಷಣೆಯಾಗಿ ಬರೆದಿದ್ದೇನೆ. ಗಾಡಿ 110 ಸಿಸಿಯ ಸ್ಕೂಟರ್, ಹಿಂದೆ ಡ್ರಮ್ ಬ್ರೇಕ್. ಸವಾರರು ದಿನವೂ ಶಾಲೆಗೆ ಹೋಗಿಬರುವ ಶಿಕ್ಷಕಿ ಎಂದಿಟ್ಟುಕೊಳ್ಳೋಣ.

ಸವಾರರು: ಅಣ್ಣಾ, ಎಡಗೈ ಬ್ರೇಕ್ ತುಂಬ ಒಳಗೆ ಹೋಗ್ತಿದೆ. ಸ್ವಲ್ಪ ಟೈಟ್ ಮಾಡಿ.

ಮೆಕ್ಯಾನಿಕ್: ಮಾಡ್ತೀನಿ ಮೇಡಂ. ಮುಂಚೆ ಒಂದು ಸಲ ನೀವೇ ಲಿವರ್ ಹಿಡೀರಿ. ಮೆಲ್ಲಗೆ ಒತ್ತಿ. ಎಲ್ಲಿ ಬಿಗಿ ಸಿಗುತ್ತೆ ಅನ್ನೋದನ್ನ ಗಮನಿಸಿ. ಅಲ್ಲಿವರೆಗೆ ಲಿವರ್ ತುದಿ ಖಾಲಿ ಓಡಾಡುತ್ತಲ್ಲ, ಅದಕ್ಕೆ ನಾವು ಪ್ಲೇ ಅಂತೀವಿ. ಅದು ಒಂದು ಬೆರಳಿನ ದಪ್ಪದಷ್ಟಿದ್ರೆ ಸರಿ. ನಿಮ್ಮದು ಅದರ ಎರಡರಷ್ಟಿದೆ.

ಬೆರಳಿನ ದಪ್ಪ ಎಂದರೆ ಸುಮಾರು 15 ಮಿಲಿಮೀಟರ್. ಇಂಥ ಸ್ಕೂಟರ್‌ಗಳ ಕೈಪಿಡಿಯಲ್ಲಿ ಸಾಮಾನ್ಯವಾಗಿ 10ರಿಂದ 20 ಮಿಲಿಮೀಟರ್ ಎಂದು ಬರೆದಿರುತ್ತದೆ. ಸವಾರರು ತಮ್ಮ ಕೈಯಿಂದಲೇ ಒತ್ತಿ ನೋಡುವುದು ಇಲ್ಲಿ ಮುಖ್ಯ. ಒಮ್ಮೆ ಕೈಗೆ ಅಂದಾಜು ಸಿಕ್ಕಿತೆಂದರೆ ಮನೆಯಲ್ಲಿ ಗಾಡಿ ತೆಗೆಯುವಾಗಲೇ ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ.

ಪ್ಲೇ ಹೆಚ್ಚಲು ಎರಡು ಕಾರಣಗಳಿರಬಹುದು. ಒಂದು, ಕೇಬಲ್ ಎಳೆದುಕೊಂಡು ಉದ್ದವಾಗಿರಬಹುದು. ಇನ್ನೊಂದು, ಡ್ರಮ್ಮಿನೊಳಗಿನ ಬ್ರೇಕ್ ಶೂ ಸವೆದಿರಬಹುದು. ಇವೆರಡೂ ಕೈಗೆ ಒಂದೇ ಥರ ಅನ್ನಿಸುತ್ತವೆ. ಯಾವುದೆಂದು ಬಿಡಿಸಿ ಹೇಳುವ ಗುರುತು ಬಹಳಷ್ಟು ಡ್ರಮ್ ಬ್ರೇಕ್ ಗಾಡಿಗಳ ಮೈಮೇಲೇ ಇದೆ. ಅದು ಹಿಂದಿನ ಚಕ್ರದ ಬಳಿ, ಬ್ರೇಕ್ ಆರ್ಮ್‌ನ ಬುಡದಲ್ಲಿರುವ ಚಿಕ್ಕ ಬಾಣ. ಮಣ್ಣು, ಗ್ರೀಸು ಮೆತ್ತಿಕೊಂಡು ಕಾಣದಂತಾಗಿರುತ್ತದೆ.

ಮೆಕ್ಯಾನಿಕ್: ಈಗ ಲಿವರ್ ನಾನು ಹಿಡೀತೀನಿ, ನೀವು ಇಲ್ಲಿ ಬಗ್ಗಿ ನೋಡಿ. ಬಟ್ಟೇಲಿ ಒರೆಸಿದೆ, ಬಾಣ ಕಾಣ್ತಾ? ಅದರ ಮುಂದೆ ಕವರ್ ಮೇಲೆ ಚಿಕ್ಕ ತ್ರಿಕೋನ ಇದೆ. ನಾನು ಪೂರ್ತಿ ಒತ್ತುತೀನಿ. ಬಾಣ ಎಲ್ಲಿಗೆ ಹೋಗುತ್ತೆ ಹೇಳಿ.

ಸವಾರರು: ತ್ರಿಕೋನದ ಹತ್ತಿರ ಬರ್ತಿದೆ. ಮುಟ್ಟಿಲ್ಲ.

ಮೆಕ್ಯಾನಿಕ್: ಅಂದ್ರೆ ಸವೆದಿರೋದು ಶೂ, ಆದ್ರೆ ಇನ್ನೂ ಉಳಿದಿದೆ. ಮುಟ್ಟಿದ್ರೆ ಟೈಟ್ ಮಾಡೋ ಮಾತೇ ಇಲ್ಲ, ಶೂ ಬದಲಾಯಿಸ್ಬೇಕು. ಬಾಣ ಇದ್ದಲ್ಲೇ ಇದ್ದು ಲಿವರ್ ಮಾತ್ರ ಲೂಸ್ ಆಗಿದ್ರೆ ತಪ್ಪು ಕೇಬಲ್‌ದು.

ಈ ಬಾಣಕ್ಕೆ ಸವೆತ ಹೇಗೆ ಗೊತ್ತಾಗುತ್ತದೆ? ಡ್ರಮ್ಮಿನೊಳಗೆ ಅರ್ಧಚಂದ್ರಾಕಾರದ ಎರಡು ಶೂಗಳಿವೆ. ಅವುಗಳ ಹೊರಮೈಗೆ ಲೈನಿಂಗ್ ಅಂಟಿಸಿರುತ್ತಾರೆ. ಶೂಗಳ ಒಂದು ತುದಿಯ ನಡುವೆ ಚಪ್ಪಟೆಯಾದ ಕ್ಯಾಮ್ ಇದೆ. ಲಿವರ್ ಒತ್ತಿದಾಗ ಕೇಬಲ್ ಆರ್ಮನ್ನು ಎಳೆಯುತ್ತದೆ, ಆರ್ಮ್ ಕ್ಯಾಮನ್ನು ತಿರುಗಿಸುತ್ತದೆ, ಕ್ಯಾಮ್ ಅಡ್ಡಲಾಗಿ ಶೂಗಳನ್ನು ಅಗಲಿಸಿ ಡ್ರಮ್ಮಿಗೆ ಒತ್ತುತ್ತದೆ. ಲೈನಿಂಗ್ ತೆಳುವಾದಷ್ಟೂ ಶೂ ಡ್ರಮ್ಮನ್ನು ಮುಟ್ಟಲು ಕ್ಯಾಮ್ ಹೆಚ್ಚು ತಿರುಗಬೇಕು. ಬಾಣ ಕೂತಿರುವುದು ಕ್ಯಾಮ್ ಜೊತೆಗೇ. ಹೊರಗೆ ನಟ್ಟನ್ನು ಎಷ್ಟು ಬಿಗಿದರೂ, ಬ್ರೇಕ್ ಪೂರ್ತಿ ಒತ್ತಿದಾಗ ಬಾಣ ತಲುಪುವ ಜಾಗ ಬದಲಾಗುವುದಿಲ್ಲ. ಲಿವರಿನ ಬಿಗಿಯನ್ನು ನಂಬಿ ಮೋಸಹೋಗಬಹುದು, ಬಾಣವನ್ನು ನಂಬಿ ಹಾಗೆ ಮೋಸಹೋಗುವುದು ಕಡಿಮೆ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಬಾಣವಿಲ್ಲದ ಗಾಡಿಯಲ್ಲಿ ನಟ್ಟಿನಿಂದಾಚೆ ಚಾಚಿಕೊಂಡಿರುವ ಥ್ರೆಡ್ ನೋಡಬಹುದು. ಪ್ರತಿ ಸಲ ಟೈಟ್ ಮಾಡಿದಾಗಲೂ ಅದು ಉದ್ದವಾಗುತ್ತ ಹೋಗುತ್ತದೆ. ಥ್ರೆಡ್ ಮುಗಿಯುತ್ತ ಬಂದಿದ್ದರೆ ಶೂ ಬಿಚ್ಚಿ ನೋಡುವ ಸಮಯ ಬಂದಿದೆ ಎಂದರ್ಥ. ಆದರೆ ಥ್ರೆಡ್ಡಿನ ಲೆಕ್ಕದಲ್ಲಿ ಕೇಬಲ್ಲಿನ ಸವೆತವೂ ಸೇರಿಕೊಂಡಿರುವುದರಿಂದ ಅದು ಬಾಣದಷ್ಟು ಖಚಿತವಲ್ಲ. ಥ್ರೆಡ್ ಮುಗಿದಾಗ ಕೆಲವರು ಆರ್ಮನ್ನು ಕಳಚಿ ಒಂದು ಹಲ್ಲು ಜರುಗಿಸಿ ಮತ್ತೆ ಕೂರಿಸುತ್ತಾರೆ. ಥ್ರೆಡ್ ಮತ್ತೆ ಹೊಸದರ ಹಾಗೆ ಕಾಣುತ್ತದೆ. ಇದು ಅಪಾಯದ ಕೆಲಸ. ಸವೆದ ಶೂಗಳ ನಡುವೆ ಕ್ಯಾಮ್ ಅತಿಯಾಗಿ ತಿರುಗಿದರೆ ವಾಪಸ್ ಬರದೆ ಅಲ್ಲೇ ಸಿಕ್ಕಿಕೊಳ್ಳಬಹುದು, ಓಡುವ ಗಾಡಿಯ ಚಕ್ರ ಹಿಡಿದುಬಿಡಬಹುದು. ಆರ್ಮ್ ಮತ್ತು ಕ್ಯಾಮ್ ತುದಿಯಲ್ಲಿ ಒಂದೊಂದು ಪಂಚ್ ಚುಕ್ಕಿ ಇದ್ದು ಅವೆರಡೂ ಎದುರುಬದುರಾಗಿರಬೇಕು. ಇಲ್ಲದಿದ್ದರೆ ಯಾರೋ ಜರುಗಿಸಿದ್ದಾರೆ.

ಮತ್ತೆ ನಮ್ಮ ಶಿಕ್ಷಕಿಯ ಸ್ಕೂಟರಿಗೆ ಬರೋಣ. ಬಾಣ ಇನ್ನೂ ತ್ರಿಕೋನ ಮುಟ್ಟಿಲ್ಲ, ಹಾಗಾಗಿ ಟೈಟ್ ಮಾಡಬಹುದು. ಮೆಕ್ಯಾನಿಕ್ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ, ನಟ್ಟನ್ನು ಅರ್ಧರ್ಧ ಸುತ್ತು ತಿರುಗಿಸುತ್ತ, ಪ್ರತಿ ಸಲ ಚಕ್ರವನ್ನು ಕೈಯಿಂದ ತಿರುಗಿಸಿ ನೋಡುತ್ತಾರೆ. ಚಕ್ರ ಸಲೀಸಾಗಿ ತಿರುಗಬೇಕು. "ಇನ್ನೂ ಸ್ವಲ್ಪ ಟೈಟ್ ಇರಲಿ" ಎಂದು ಸವಾರರು ಒತ್ತಾಯಿಸಿದರೆ ಒಪ್ಪಬಾರದು. ಶೂ ಸದಾ ಉಜ್ಜುತ್ತಿದ್ದರೆ ಡ್ರಮ್ ಕಾಯುತ್ತದೆ, ಲೈನಿಂಗ್ ಬೇಗ ಸವೆಯುತ್ತದೆ, ಮೈಲೇಜೂ ಇಳಿಯುತ್ತದೆ. ಬಿಗಿದ ಮೇಲೆ ಹಿಂದಿನ ಬ್ರೇಕ್ ಲೈಟು ಒತ್ತಿದಾಗ ಹತ್ತಿ, ಬಿಟ್ಟಾಗ ಆರುತ್ತದೆಯೇ ಎಂದೂ ನೋಡಬೇಕು.

ಕೊನೆಗೆ ಒಂದು ಕೆಲಸ ಉಳಿಯುತ್ತದೆ. ನನ್ನ ಮಟ್ಟಿಗೆ ಈ ಐದು ನಿಮಿಷದಲ್ಲಿ ಅದೇ ಮುಖ್ಯ.

ಮೆಕ್ಯಾನಿಕ್: ಮೇಡಂ, ಲಿವರ್ ಪೂರ್ತಿ ಒತ್ತಿದಾಗ ಬಾಣ ಎಲ್ಲಿ ನಿಂತಿತ್ತೋ ಅಲ್ಲಿ ಕವರ್ ಮೇಲೆ ಬಿಳಿ ಪೇಂಟಿನ ಚುಕ್ಕೆ ಇಟ್ಟಿದ್ದೀನಿ. ನಿಮ್ಮ ಮೊಬೈಲಲ್ಲಿ ಇದರದೊಂದು ಫೋಟೋ, ಮೀಟರ್‌ದೊಂದು ಫೋಟೋ ತಗೊಳ್ಳಿ. ಮುಂದಿನ ಸಲ ಲೂಸ್ ಆಯ್ತು ಅಂತ ಬಂದಾಗ ಚುಕ್ಕೆಯಿಂದ ಬಾಣ ಎಷ್ಟು ಮುಂದೆ ಹೋಗಿದೆ ಅಂತ ನೀವೇ ನೋಡಬಹುದು.

ಮೀಟರ್ 14,000 ಕಿಲೋಮೀಟರ್ ತೋರಿಸುತ್ತಿತ್ತು ಎಂದುಕೊಳ್ಳಿ. 16,500ಕ್ಕೆ ಅವರು ಮತ್ತೆ ಬಂದಾಗ ಬಾಣ ತ್ರಿಕೋನಕ್ಕೆ ನೇರವಾಗಿ ನಿಂತಿದೆ. ಈಗ ಡ್ರಮ್ ಬಿಚ್ಚುವುದೇ. ಇಂಥ ಶೂಗಳ ಲೈನಿಂಗ್ ಹೊಸದಿದ್ದಾಗ ಸುಮಾರು 4 ಮಿಲಿಮೀಟರ್ ದಪ್ಪವಿರುತ್ತದೆ, 2ಕ್ಕೆ ಇಳಿದರೆ ಬದಲಾಯಿಸಬೇಕು ಎಂಬುದು ಹಲವು ಗಾಡಿಗಳ ಲೆಕ್ಕ. ಹೊಸ ಶೂ ಪಕ್ಕದಲ್ಲಿ ಹಳೆಯದನ್ನು ಇಟ್ಟು ತೋರಿಸಿದರೆ ಬಿಲ್ಲಿನ ಬಗ್ಗೆ ಅನುಮಾನ ಬರುವುದಿಲ್ಲ. ಬಿಚ್ಚಿದ ಮೇಲೆ ಡ್ರಮ್ಮಿನ ಒಳಮೈಯನ್ನೂ ಅಳೆಯಬೇಕು. 130 ಮಿಲಿಮೀಟರಿನ ಡ್ರಮ್ಮಿನ ಮೇಲೆ ಗರಿಷ್ಠ 131 ಎಂದು ಅಚ್ಚೊತ್ತಿರುವುದುಂಟು. ಅದನ್ನು ಮೀರಿ ಸವೆದಿದ್ದರೆ ಹೊಸ ಶೂ ಹಾಕಿದರೂ ಬಾಣ ಬೇಗನೆ ತ್ರಿಕೋನದತ್ತ ಬರುತ್ತದೆ. ಒಳಗಿನ ಪುಡಿಯನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಲೈನಿಂಗಿನ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು, ಹಳೆಯ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಕೂಡ ಇರುತ್ತಿತ್ತು.

ಬಾಣಕ್ಕೂ ಮಿತಿಯಿದೆ. ಅದು ಹೇಳುವುದು ದಪ್ಪದ ಲೆಕ್ಕ, ಹಿಡಿತದ್ದಲ್ಲ. ಆಗುಂಬೆ, ಚಾರ್ಮಾಡಿಯಂಥ ಘಾಟಿಗಳಲ್ಲಿ ಬ್ರೇಕ್ ಹಿಡಿದೇ ಇಳಿದರೆ ಲೈನಿಂಗ್ ಕಾದು, ಮೇಲ್ಮೈ ಗಾಜಿನಂತೆ ನುಣುಪಾಗುತ್ತದೆ. ದಪ್ಪ ಬೇಕಾದಷ್ಟಿದ್ದರೂ ಗಾಡಿ ನಿಲ್ಲುವುದಿಲ್ಲ. ಸ್ಕೂಟರಿನಲ್ಲಿ ಇನ್ನೊಂದು ತೊಂದರೆಯಿದೆ. ಹಿಂದಿನ ಚಕ್ರದ ಆಯಿಲ್ ಸೀಲ್ ಹೋದರೆ ಗೇರ್ ಆಯಿಲ್ ಡ್ರಮ್ಮಿನೊಳಗೆ ಇಳಿದು ಲೈನಿಂಗನ್ನು ತೋಯಿಸುತ್ತದೆ. ಬಾಣ ಸರಿಯಾಗಿದ್ದು, ಲಿವರ್ ಬಿಗಿಯಾಗಿದ್ದು, ಗಾಡಿ ಮಾತ್ರ ಮೊದಲಿಗಿಂತ ಮುಂದೆ ಹೋಗಿ ನಿಲ್ಲುತ್ತಿದ್ದರೆ ಬಿಚ್ಚಿ ನೋಡುವುದೇ ದಾರಿ.

ಮುಂದೆ ಡಿಸ್ಕ್ ಬ್ರೇಕ್ ಇರುವ ಸವಾರರಿಗೆ ಇದೇ ಮಾತು ಹೇಳಲಾಗದು. ಪ್ಯಾಡ್ ಸವೆದಂತೆ ಕ್ಯಾಲಿಪರಿನ ಪಿಸ್ಟನ್ ತಾನಾಗಿ ಮುಂದೆ ಬಂದು ಅಂತರ ತುಂಬಿಕೊಳ್ಳುತ್ತದೆ. ಹಾಗಾಗಿ ಲಿವರ್ ಲೂಸ್ ಆಗುವುದೇ ಇಲ್ಲ. ಇಲ್ಲಿ ಸುಳಿವು ಸಿಗುವುದು ಹ್ಯಾಂಡಲಿನ ಮೇಲಿರುವ ಬ್ರೇಕ್ ಆಯಿಲ್ ಡಬ್ಬಿಯ ಕಿಟಕಿಯಲ್ಲಿ.

ಸವಾರರು: ಆಯಿಲ್ ಕೆಳಗಿನ ಗೆರೆ ಹತ್ತಿರ ಬಂದಿದೆ. ಸ್ವಲ್ಪ ತುಂಬಿಸಿಬಿಡಿ.

ಮೆಕ್ಯಾನಿಕ್: ತುಂಬಿಸೋ ಮುಂಚೆ ಆಯಿಲ್ ಎಲ್ಲಿಗೆ ಹೋಯ್ತು ಅಂತ ನೋಡೋಣ. ಪೈಪ್, ಕ್ಯಾಲಿಪರ್ ಎಲ್ಲಾ ಒಣಗೇ ಇವೆ, ಲೀಕ್ ಇಲ್ಲ. ಪಿಸ್ಟನ್ ಮುಂದೆ ಬಂದಿರೋದ್ರಿಂದ ಅದರ ಹಿಂದೆ ಆಯಿಲ್ ತುಂಬಿಕೊಂಡಿದೆ, ಅಷ್ಟೆ. ಟಾರ್ಚ್ ಹಾಕ್ತೀನಿ, ಕ್ಯಾಲಿಪರ್ ಸಂದಿಯಲ್ಲಿ ಪ್ಯಾಡ್ ನೋಡಿ. ಹೊಸ ಪ್ಯಾಡಲ್ಲಿ ನಡುವೆ ಗೀರು ಇರುತ್ತೆ. ನಿಮ್ಮದರಲ್ಲಿ ಅದು ಅಳಿಸಿಹೋಗ್ತಾ ಇದೆ.

ಇಲ್ಲಿ ಆಯಿಲ್ ತುಂಬಿಸುವುದೆಂದರೆ ಡ್ರಮ್ಮಿನಲ್ಲಿ ನಟ್ ಬಿಗಿದ ಹಾಗೆಯೇ, ಸವೆತದ ಸುಳಿವು ಅಳಿಸಿಹೋಗುತ್ತದೆ. ಅಷ್ಟೇ ಅಲ್ಲ, ಹೊಸ ಪ್ಯಾಡ್ ಹಾಕಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳಿದಾಗ ತುಂಬಿಸಿದ್ದ ಆಯಿಲ್ ಉಕ್ಕಿ ಗಾಡಿಯ ಪೇಂಟನ್ನು ಸುಡುತ್ತದೆ. ಟಾರ್ಚ್ ಬಿಟ್ಟು ನೋಡುವಾಗ ಒಳಗಿನ ಪ್ಯಾಡನ್ನೂ ಬಿಡದೆ ನೋಡಬೇಕು. ಕ್ಯಾಲಿಪರಿನ ಪಿನ್ ತುಕ್ಕು ಹಿಡಿದಿದ್ದರೆ ಎರಡರಲ್ಲಿ ಒಂದೇ ಪ್ಯಾಡ್ ಬೇಗ ಸವೆಯುತ್ತದೆ. ಲಿವರ್ ಸ್ಪಂಜಿನಂತೆ ಮೆತ್ತಗಾಗಿದ್ದರೆ ಅದು ಸವೆತವಲ್ಲ, ಪೈಪಿನಲ್ಲಿ ಗಾಳಿ ಸೇರಿರುವ ಲಕ್ಷಣ.

ಸದ್ದಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಕಿರ್ ಎನ್ನುವ ಸದ್ದು ಧೂಳು, ಮಳೆನೀರಿನಿಂದಲೂ ಬರುತ್ತದೆ. ಅದೊಂದನ್ನೇ ಹಿಡಿದು ಶೂ ಬದಲಾಯಿಸುವಂತೆ ಹೇಳಬಾರದು. ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಗರಗರ ಸದ್ದು ಬಂದಿದ್ದರೆ ಮಾತ್ರ ಲೈನಿಂಗ್ ಮುಗಿದು ಡ್ರಮ್ಮೋ ಡಿಸ್ಕೋ ಗೀರುತ್ತಿದೆ ಎಂದರ್ಥ. ಆಗ ಗಾಡಿ ಓಡಿಸಿಕೊಂಡು ಮನೆಗೆ ಹೋಗಲು ಬಿಡಬಾರದು.

ಶಿಕ್ಷಕಿ ಹೊರಡುವಾಗ ಕೇಳುವ ಪ್ರಶ್ನೆ ಇದು: "ಎಷ್ಟು ಕಿಲೋಮೀಟರಿಗೆ ಶೂ ಬದಲಾಯಿಸ್ಬೇಕು ಅಣ್ಣಾ?"

ಮೆಕ್ಯಾನಿಕ್: ಅದಕ್ಕೆ ಒಂದೇ ಲೆಕ್ಕ ಇಲ್ಲ ಮೇಡಂ. ಊರೊಳಗೆ ಹತ್ತು ಹೆಜ್ಜೆಗೊಂದು ಬ್ರೇಕ್ ಹಾಕೋರದ್ದು ಬೇಗ ಹೋಗುತ್ತೆ, ಹೈವೇಲಿ ಓಡಾಡೋರದ್ದು ಜಾಸ್ತಿ ದಿನ ಬರುತ್ತೆ. ಹೊಸ ಶೂಗೆ ಹೊಸ ಚುಕ್ಕೆ ಇಟ್ಟಿದ್ದೀನಿ. ಡ್ರಮ್ಮಿಗೆ ಕೂತ್ಕೊಳ್ಳೋವರೆಗೆ, ಮೊದಲ ನೂರಿನ್ನೂರು ಕಿಲೋಮೀಟರ್, ಹಿಡಿತ ಸ್ವಲ್ಪ ಕಡಿಮೆ ಇರುತ್ತೆ. ಮುಂದಿನ ಗಾಡಿಗೂ ನಿಮಗೂ ಜಾಗ ಬಿಟ್ಟು ಓಡಿಸಿ.