ವಿಕಟಕವಿಯನ್ನು ಕಲಸಿದರೆ ಎಷ್ಟು ಸಾಲು?

‘ವಿಕಟಕವಿ’ಯ ಅಕ್ಷರಗಳನ್ನು ಹಿಂದುಮುಂದು ಮಾಡುತ್ತ ಹೋದರೆ ಎಷ್ಟು ಬೇರೆ ಬೇರೆ ಸಾಲುಗಳು ಸಿಗುತ್ತವೆ? ಅರ್ಥ ಬರಲೇಬೇಕೆಂದಿಲ್ಲ, ‘ಟಕವಿಕವಿ’ಯೂ ಸಲ್ಲುತ್ತದೆ. ‘ವಿ’ಯನ್ನು ಒಂದೇ ಅಕ್ಷರವೆಂದು ಹಿಡಿಯೋಣ.

ಐದು ಚೀಟಿಗಳಲ್ಲಿ ಅಕ್ಷರಗಳನ್ನು ಬರೆದುಕೊಳ್ಳಿ. ಒಂದು ‘ವಿ’ಗೆ ಕೆಂಪು ಶಾಯಿ, ಇನ್ನೊಂದಕ್ಕೆ ನೀಲಿ, ಎರಡು ‘ಕ’ಗಳಿಗೂ ಹಾಗೆಯೇ. ಈಗ ಐದೂ ಬೇರೆ ಬೇರೆ. ಮೊದಲ ಜಾಗಕ್ಕೆ 5 ಆಯ್ಕೆ, ಮುಂದಿನದಕ್ಕೆ 4, ಆಮೇಲೆ 3, 2, 1. ಗುಣಿಸಿದರೆ 120.

ಶಾಯಿಯ ಬಣ್ಣ ಮರೆತುಬಿಡಿ. ಎರಡು ‘ವಿ’ಗಳನ್ನು ಅದಲುಬದಲು ಮಾಡಿದರೂ ಸಾಲು ಬದಲಾಗದು, ‘ಕ’ಗಳದ್ದೂ ಅದೇ ಕಥೆ. ಹಾಗಾಗಿ ಒಂದೊಂದು ಸಾಲೂ 120ರೊಳಗೆ 2×2, ಅಂದರೆ 4 ಸಲ ಎಣಿಕೆಯಾಗಿದೆ. 120ನ್ನು 4ರಿಂದ ಭಾಗಿಸಿದರೆ 30. ಒಂದೇ ಅಕ್ಷರ ಮೂರು ಸಲ ಬಂದಿದ್ದರೆ 3ರಿಂದಲ್ಲ, 6ರಿಂದ ಭಾಗಿಸಬೇಕು: ಮೂರು ಚೀಟಿಗಳು ತಮ್ಮತಮ್ಮಲ್ಲೇ ಆರು ರೀತಿ ಜಾಗ ಬದಲಿಸಿಕೊಳ್ಳುತ್ತವೆ. ಭಾಸ್ಕರಾಚಾರ್ಯರು 1150ರ ‘ಲೀಲಾವತಿ’ಯಲ್ಲಿ, ಅಂಕಪಾಶವೆಂಬ ಭಾಗದಲ್ಲಿ, ಅಂಕಿಗಳಿಗೆ ಇದೇ ಸೂತ್ರ ಹೇಳುತ್ತಾರೆ. 4, 8, 5, 5, 5 ಇಷ್ಟರಿಂದ ಎಷ್ಟು ಸಂಖ್ಯೆ ಆಗುತ್ತದೆಂಬುದು ಅವರ ಒಂದು ಲೆಕ್ಕ. 120ನ್ನು 6ರಿಂದ ಭಾಗಿಸಿ, 20.

ಇಲ್ಲಿಯವರೆಗೆ ಸಲೀಸು. ಆದರೆ ಅಕ್ಷರ ಮರುಕಳಿಸಿತೆಂದ ಮಾತ್ರಕ್ಕೆ ಭಾಗಿಸುವ ಚಾಳಿ ಕೈಕೊಡುತ್ತದೆ. ಅದೇ ಐದು ಚೀಟಿಗಳಲ್ಲಿ ಮೂರನ್ನಷ್ಟೇ ಆರಿಸಿ ಜೋಡಿಸಿ ನೋಡಿ. ಬಣ್ಣದ ಲೆಕ್ಕದಲ್ಲಿ 5×4×3, ಅಂದರೆ 60. ಹಳೆಯ ರೂಢಿಯಲ್ಲಿ 4ರಿಂದ ಭಾಗಿಸಿದರೆ 15 ಬರುತ್ತದೆ, ಅದು ತಪ್ಪು. ‘ವಿಕಟ’ 60ರಲ್ಲಿ 4 ಸಲ ಬಂದಿದೆ: ಯಾವ ‘ವಿ’, ಯಾವ ‘ಕ’ ಎಂಬ ಆಯ್ಕೆಯಿಂದ. ‘ವಿವಿಟ’ ಮಾತ್ರ ಎರಡೇ ಸಲ; ಅದರಲ್ಲಿ ‘ಕ’ವೇ ಇಲ್ಲವಲ್ಲ! ಎಲ್ಲ ಸಾಲುಗಳೂ ಸಮನಾಗಿ ಮರುಕಳಿಸದಿದ್ದರೆ ಒಂದೇ ಭಾಜಕ ಹೊಂದುವುದಿಲ್ಲ.

ಇಂಥಲ್ಲಿ ಗುಂಪು ಮಾಡುವುದೇ ದಾರಿ. ಮೂರೂ ಬೇರೆ ಅಕ್ಷರಗಳಾದರೆ, ಅಂದರೆ ವಿ, ಕ, ಟ ಬಂದರೆ, 6 ಸಾಲು. ಒಂದು ಜೋಡಿಯ ಜೊತೆ ಒಂಟಿ ಅಕ್ಷರ ಬಂದರೆ: ಜೋಡಿಗೆ 2 ಆಯ್ಕೆ, ಒಂಟಿಗೆ 2, ಒಂಟಿ ಕೂರುವ ಜಾಗಕ್ಕೆ 3, ಒಟ್ಟು 12. ಎರಡೂ ಸೇರಿ 18.

ಪರೀಕ್ಷೆಯಲ್ಲಿ ಪದೇಪದೇ ಕಾಣುವ ಇನ್ನೊಂದು ತಿರುವು: ಎರಡು ‘ವಿ’ಗಳೂ ಪಕ್ಕಪಕ್ಕದಲ್ಲೇ ಇರಬೇಕು. ಆಗ ‘ವಿವಿ’ಯನ್ನು ಅಂಟಿಸಿ ಒಂದೇ ಚೀಟಿ ಮಾಡಿ, ಉಳಿಯುವುದು ನಾಲ್ಕು. 24ನ್ನು ‘ಕ’ಗಳಿಗಾಗಿ 2ರಿಂದ ಭಾಗಿಸಿದರೆ 12. ‘ವಿ’ಗಳಿಗಾಗಿ ಮತ್ತೆ ಭಾಗಿಸಬಾರದು. ಅಂಟಿಸಿದ ಮೇಲೆ ಅವು ಅದಲುಬದಲಾಗಿಯೇ ಇಲ್ಲ, ಆ ಲೆಕ್ಕ 24ರೊಳಗೆ ನುಸುಳಿಯೇ ಇಲ್ಲ.